ಮೇಲಕ್ಕೆ ಸವರಿದ ಕೈ

ಕಣ್ಣಾಸ್ಪತ್ರೆಯ ಮಕ್ಕಳ ಕೋಣೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಉಗುರು ಸಿಸ್ಟರ್ ಎಂದು. ಸೊಂಟದಲ್ಲಿ ಬೀಗದ ಕೈ ಸಿಕ್ಕಿಸಿಕೊಳ್ಳುವ ಹಾಗೆ ಅವಳು ಉಗುರು ಕತ್ತರಿಸುವ ಕಟರನ್ನು ದಾರ ಕಟ್ಟಿ ಸಿಕ್ಕಿಸಿಕೊಂಡಿದ್ದಳು. ಹಸುಗೂಸಿನ ಕಣ್ಣು ಸೋರುತ್ತದೆ, ಪಿಸುರು ಕಟ್ಟುತ್ತದೆ ಎಂದು ಯಾವ ತಾಯಿ ಬಂದರೂ ಮೊದಲು ಕೈ ಚಾಚಿಸಿ ಉಗುರು ಕತ್ತರಿಸಿ, ಸೋಪು ಹಾಕಿ ತೊಳೆಸುತ್ತಿದ್ದಳು. ಮಿಕ್ಕ ಮಾತು ಆಮೇಲೆ.

ಇಪ್ಪತ್ತೆಂಟು ವರ್ಷ ಅದೇ ಕೋಣೆ. ಮನುಷ್ಯರ ಬುದ್ಧಿಯ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯ ಉಳಿದಿರಲಿಲ್ಲ. ಕಣ್ಣಿಗೆ ಎದೆಹಾಲು ಹಿಂಡುವವರು, ಕಾಡಿಗೆ ಮೆತ್ತುವವರು, ಪಕ್ಕದ ಮನೆಯವರ ಹಳೇ ಡ್ರಾಪ್ಸ್ ಸುರಿಯುವವರು, ಎಲ್ಲರೂ ಅವಳ ಕಣ್ಣಿಗೆ ಒಂದೇ ಸಾಲಿನ ದಡ್ಡರು.

ಸಲೂನ್ ಯಜಮಾನರ ಸೊಸೆ ಬಂದಾಗ ಮಗುವಿಗೆ ಎರಡು ತಿಂಗಳು. ಎಡಗಣ್ಣು ಅಳದೆಯೇ ಒದ್ದೆ. ಡಾಕ್ಟರು ನೋಡಿ, ಕಣ್ಣೀರು ಮೂಗಿಗೆ ಇಳಿಯುವ ನಾಳದ ತುದಿಯಲ್ಲಿ ಪೊರೆಯೊಂದು ತೆರೆದಿಲ್ಲ, ಬಹಳ ಮಕ್ಕಳಿಗೆ ವರ್ಷದೊಳಗೆ ತಾನೇ ತೆರೆಯುತ್ತದೆ ಎಂದರು. ಕಣ್ಣು ಕೆಂಪಾಗಿ ಕೀವು ಬಂದರೆ ಮಾತ್ರ ಡ್ರಾಪ್ಸು, ಮೂಗಿನ ಪಕ್ಕ ಕೆಂಪಗೆ ಗಂಟು ಊದಿದರೆ ಅವತ್ತೇ ಬರಬೇಕು. ಪೊರೆ ತೆರೆಯಲು ನೆರವಾಗುವಂತೆ ನಾಳದ ಮೇಲೆ ತೀಡುವುದನ್ನು ಸಿಸ್ಟರು ಕಲಿಸಿದಳು. ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಮೂಳೆಗೆ ಒತ್ತಿ ಬೆರಳಿಡಬೇಕು. ಒತ್ತು ಬಿಡದೆ ಮೂಗಿನ ಪಕ್ಕದಲ್ಲೇ ಕೆಳಕ್ಕೆ ಎಳೆಯಬೇಕು. ಒಂದು ಸಲಕ್ಕೆ ಹತ್ತು, ದಿನಕ್ಕೆ ನಾಲ್ಕು ಸಲ. ಹೊರಬಂದ ಪಿಸುರನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು.

ಸೊಸೆ ತಲೆಯಾಡಿಸಿದಳು. ಅವಳಿಗಿದ್ದದ್ದು ಒಂದೇ ಭಯ. ಪೊರೆ ತೆರೆಯದಿದ್ದರೆ ಮಗುವಿಗೆ ಮತ್ತಿನ ಮದ್ದು ಕೊಟ್ಟು ಕಣ್ಣಿಗೆ ತಂತಿ ಹಾಕುತ್ತಾರಂತೆ.

ಬಂದಾಗಲೆಲ್ಲ ಸಿಸ್ಟರು ತೀಡುತ್ತಿದ್ದೀಯಾ ಎಂದು ಕೇಳುವಳು, ಅವಳು ಹೂಂ ಎನ್ನುವಳು. ಮಗುವಿಗೆ ಹತ್ತು ತಿಂಗಳು ತುಂಬಿದರೂ ಕಣ್ಣು ಮಾತ್ರ ಹಾಗೇ ಸೋರುತ್ತಿತ್ತು. ಆ ದಿನ ಮಾವನೂ ಜೊತೆಗೆ ಬಂದಿದ್ದರು. ಇಸ್ತ್ರಿಯ ಅಂಗಿ, ಕಪ್ಪು ಬಳಿದ ಮೀಸೆ, ಊರೆಲ್ಲ ತಮ್ಮ ಕೈಗುಣ ಕೇಳಿ ಬರುತ್ತದೆಂಬ ಠೀವಿ. ತೀಡುವ ಕೆಲಸ ತಮ್ಮದೇ ಎಂದು ಅವರೇ ಹೇಳಿಕೊಂಡರು.

"ನಲವತ್ತು ವರ್ಷ ಮುಖ ಮಸಾಜ್ ಮಾಡಿದ ಕೈ ಇದು, ಸಿಸ್ಟರಮ್ಮ. ಈ ಹುಡುಗಿಗೆ ಏನು ಗೊತ್ತಾಗುತ್ತೆ?"

"ತೋರಿಸಿ ನೋಡೋಣ."

ಅವರು ಮಗುವಿನ ಗದ್ದದಿಂದ ಕೆನ್ನೆಯ ಮೇಲೆ, ಹೂವು ಮುಟ್ಟಿದಷ್ಟು ಹಗುರವಾಗಿ, ಕಣ್ಣಿನ ಕಡೆಗೆ ಸವರಿದರು. ಕೆಳಗಿನಿಂದ ಮೇಲಕ್ಕೆ.

ಸಿಸ್ಟರು ಕೈ ಕಟ್ಟಿ ಪೂರ್ತಿ ನೋಡಿದಳು. "ಯಾಕೆ ಮೇಲಕ್ಕೆ?"

"ಕೆಳಕ್ಕೆಳೆದ್ರೆ ಕೆನ್ನೆ ಜೋತು ಬೀಳುತ್ತಲ್ಲ ತಾಯಿ. ಮುಖಕ್ಕೆ ಯಾವತ್ತೂ ಮೇಲಕ್ಕೇ."

"ಮಗೂಗೆ ಮದುವೆ ಗೊತ್ತಾಗಿದೆಯೇನ್ರಿ, ಕೆನ್ನೆ ಬಿಗಿ ಮಾಡೋಕೆ? ನೀವು ಇಷ್ಟು ದಿನ ಮಾಡಿದ್ದು ಶೃಂಗಾರ. ಚಿಕಿತ್ಸೆ ಅಲ್ಲ."

ಯಜಮಾನರ ಮೀಸೆ ಇಳಿಯಿತು. ಸೊಸೆ ಗೋಡೆ ನೋಡುತ್ತಾ, ಕೆಳಕ್ಕೆ ಅಂತ ನಾನು ಹೇಳಿದ್ದೆ ಮಾವ, ಎಂದಳು. ಹೇಳಿದ್ದಳಂತೆ, ಒಂದೇ ಸಲ.

ಅವತ್ತಿನಿಂದ ತೀಡಿದ್ದು ಸೊಸೆಯೇ. ಪಿಸುರು ಕಡಿಮೆಯಾಯಿತು, ನೀರು ನಿಲ್ಲಲಿಲ್ಲ. ವರ್ಷ ತುಂಬಿದ ಮೇಲೆ ಡಾಕ್ಟರು ಇನ್ನು ಕಾಯುವುದು ಬೇಡವೆಂದು ದಿನ ಗೊತ್ತುಮಾಡಿದರು. ಬೆಳಗಿನಿಂದ ಹೊಟ್ಟೆಗಿಲ್ಲದ ಮಗುವನ್ನು ಸಿಸ್ಟರು ಒಳಗೆ ಎತ್ತಿಕೊಂಡು ಹೋದಳು. ಮಗುವಿಗೆ ಮತ್ತು ಹತ್ತಿದ ಮೇಲೆ ಡಾಕ್ಟರು ರೆಪ್ಪೆಯ ಮೂಲೆಯ ಸೂಜಿಮೊನೆಯಷ್ಟು ತೂತಿನಿಂದ ಮೊಂಡು ತುದಿಯ ತೆಳು ತಂತಿಯನ್ನು ನಾಳದಲ್ಲಿಳಿಸಿ ಪೊರೆ ದಾಟಿಸಿದರು. ಆಮೇಲೆ ಹಾಯಿಸಿದ ಬಣ್ಣದ ನೀರು ಮೂಗಿಗೆ ಬಂತು. ಹತ್ತು ನಿಮಿಷದ ಕೆಲಸ.

ಕೈಗವಸು ಕಳಚುತ್ತಾ ಡಾಕ್ಟರು, ಪೊರೆ ದಪ್ಪಗಿತ್ತು, ಮೊದಲಿನಿಂದ ಸರಿಯಾಗಿ ತೀಡಿದ್ದರೂ ತೆರೆಯುತ್ತಿತ್ತೋ ಇಲ್ಲವೋ ಎಂದರು.

ಹೊರಗೆ ಯಜಮಾನರು ಬೆಂಚಿನ ಮೇಲೆ ಕುಳಿತಿದ್ದರು. ತಮ್ಮ ಕೈಗಳನ್ನು ಯಾರದೋ ಕೈ ಎನ್ನುವಂತೆ ಮಡಿಲಲ್ಲಿಟ್ಟುಕೊಂಡಿದ್ದರು.

"ನನ್ನಿಂದಲೇ ಆಯ್ತಾ, ಸಿಸ್ಟರಮ್ಮ?"

ಹೌದು ಎಂದುಬಿಡಲು ಅವಳ ನಾಲಗೆ ತುರಿಸಿತು. ಅಷ್ಟರಲ್ಲಿ ಎಂಟು ತಿಂಗಳ ತನ್ನದೇ ಪ್ರಶ್ನೆ ನೆನಪಾಯಿತು. ತೀಡುತ್ತಿದ್ದೀಯಾ, ತೀಡುತ್ತಿದ್ದೀಯಾ. ತೋರಿಸು ಎಂದು ಒಂದು ಸಲವೂ ಕೇಳಿರಲಿಲ್ಲ. ಉಗುರು ನೋಡಿದ್ದಳು, ಬೆರಳು ಯಾವ ಕಡೆ ಓಡುತ್ತದೆಂದು ನೋಡಿರಲಿಲ್ಲ. ದಡ್ಡರ ಸಾಲಿನಲ್ಲಿ ತನಗೂ ಒಂದು ಜಾಗ ಇತ್ತು.

"ಸರಿಯಾಗಿ ತೀಡಿದ್ರೂ ಕೆಲವು ತೆರೆಯಲ್ಲ. ಇದೂ ಹಾಗೇ ಇರಬಹುದು, ಗೊತ್ತಿಲ್ಲ," ಎಂದಳು. "ಮಗು ಎಚ್ಚರ ಆಗ್ತಿದೆ, ಒಳಗೆ ಬನ್ನಿ. ಕೆನ್ನೆ ಮುಟ್ಟಬೇಡಿ."

ಮರುದಿನ ಹೊಸ ತಾಯಿಯೊಬ್ಬಳು ಬಂದಳು. ಸಿಸ್ಟರು ಉಗುರು ಕತ್ತರಿಸಿ, ಕೈ ತೊಳೆಸಿ, ಕಲಿಸಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು.

"ಈಗ ನೀನು ಮಾಡು. ಮನೇಲಿ ಇನ್ಯಾರು ಮಾಡ್ತಾರೋ ಅವರನ್ನೂ ಕರ್ಕೊಂಡು ಬಾ."