ಸೋಮವಾರ ಏರುವ ಖರ್ಚು

ಆ ಸೋಮವಾರ ಮಳೆ ಬರುತ್ತಿತ್ತು ಎಂದು ಬರೆದೆ, ಹೊಡೆದುಹಾಕಿದೆ. ಮಳೆಯನ್ನು ನಾನೇ ಸೇರಿಸಿದಂತಿದೆ. ಖಚಿತವಾಗಿ ಉಳಿದಿರುವುದು ಕಂಪ್ಯೂಟರಿನ ದಾಖಲೆ ಮಾತ್ರ: ಬೆಳಿಗ್ಗೆ ಏಳಕ್ಕೆ ಬದಲಾದ ಒಂದು ಅಂಕಿ, ಎಂಟರಿಂದ ಗಂಟೆಗೊಂದರಂತೆ ಬಂದ ಎಚ್ಚರಿಕೆಗಳು. ಒಂದನ್ನೂ ನಾನು ತೆರೆದಿಲ್ಲ.

ನಂಜನಗೂಡಿನಲ್ಲಿ ಒಂದು ಮೆಡಿಕಲ್ ಸ್ಟೋರಿನ ಮೇಲಿನ ಕೋಣೆಯಲ್ಲಿ ಕೂತು ಸುತ್ತಲಿನ ಅಂಗಡಿಗಳಿಗೆ ಮೊಬೈಲ್ ಜಾಹೀರಾತು ನಡೆಸುವುದು ನನ್ನ ಕೆಲಸ. ಟಿ. ನರಸೀಪುರದಲ್ಲಿ ಬೆಳೆಗೆ ಔಷಧಿ ಹೊಡೆಯುವ ಸ್ಪ್ರೇಯರ್ ಮಾರುವ ಅಕ್ಕ ನನ್ನ ಗಿರಾಕಿ. ಜನ ನೋಡಿದಷ್ಟೂ ಬೆಳೆಯುವ ಜಾಹೀರಾತಿನ ಖರ್ಚು ಇದ್ದಕ್ಕಿದ್ದಂತೆ ಏರಿದರೆ ತಿಳಿಯಲೆಂದು ಒಂದು ನಿಯಮ ಬರೆದಿದ್ದೆ: ನಿನ್ನೆ ಇದೇ ಹೊತ್ತಿಗೆ ಆಗಿದ್ದ ಖರ್ಚಿಗಿಂತ ಇವತ್ತು ಶೇಕಡಾ ಮೂವತ್ತು ಹೆಚ್ಚಾದರೆ ನನ್ನ ಫೋನು ಕೂಗಬೇಕು. ಕೂಗಿತು. ಬೆಳಗಿನ ಆರಕ್ಕೆ ಎಂಟು ರೂಪಾಯಿ ಇದ್ದದ್ದು ಹನ್ನೆರಡಾದರೂ ಕೂಗಿತು. ಪ್ರತಿ ಸಲ ನಾನು ಗಾಬರಿಯಾಗಿ ಅಕ್ಕನಿಗೆ ಫೋನು ಮಾಡುತ್ತಿದ್ದೆ.

"ಆಫರ್ ಏನಾದ್ರೂ ಹಾಕಿದ್ರಾ ಅಕ್ಕಾ?"

"ಇಲ್ಲ ಸಾ. ಗಿರಾಕೀನ ಬುಟ್ಟು ಓಡ್ಬಂದು ಎತ್ತಿದ್ರೆ ಇದೇನಾ ನಿಮ್ ಸುದ್ದಿ?"

ಸೋಮವಾರಗಳಂದು ಫೋನಿಗೆ ಬಿಡುವೇ ಇರಲಿಲ್ಲ. ಭಾನುವಾರಕ್ಕಿಂತ ಖರ್ಚು ಹೆಚ್ಚುಕಡಿಮೆ ದುಪ್ಪಟ್ಟು. ಯಾಕೆಂದು ಯಾರನ್ನೂ ಕೇಳಲಿಲ್ಲ. ಸೋಮವಾರ ಸದ್ದು ಆರಿಸಿಡುವುದನ್ನು ಕಲಿತೆ.

ಅಂಥದೇ ಒಂದು ಸೋಮವಾರ, ಮೊದಲು ಹೇಳಿದ ಆ ಬೆಳಿಗ್ಗೆ ಏಳಕ್ಕೆ, ದಿನದ ಬಜೆಟ್ಟಿಗೆ ನನ್ನ ಕೈಯಿಂದಲೇ ಒಂದು ಸೊನ್ನೆ ಹೆಚ್ಚಾಗಿ ಬಿತ್ತು. ಸಂಜೆಯೊಳಗೆ ಅಕ್ಕನ ಒಂದು ವಾರದ ಜಾಹೀರಾತು ಹಣ ಕರಗಿತ್ತು. ನಾನೇ ಮೊದಲು ಫೋನು ಮಾಡಿ ತಪ್ಪೊಪ್ಪಿಕೊಂಡೆ ಎಂದು ಬಹಳ ದಿನ ನಂಬಿದ್ದೆ. ಕರೆಗಳ ಪಟ್ಟಿ ಒಪ್ಪುವುದಿಲ್ಲ. ಬ್ಯಾಂಕಿನ ಮೆಸೇಜು ನೋಡಿ ಫೋನು ಮಾಡಿದವರು ಅವರೇ.

"ಬ್ಯಾಡ್ದಾಗ ಕೂಗ್ತೀರಿ, ಬೇಕಾದಾಗ ಮಲ್ಗಿರ್ತೀರಿ. ಮುಂದಿನ್ ಸೋಮವಾರ ಅಂಗ್ಡೀಗೇ ಬಂದು ಸರಿ ಮಾಡಿ ತೋರ್ಸಿ. ಇಲ್ಲಾಂದ್ರೆ ಜಾಹೀರಾತೇ ನಿಲ್ಸ್‌ಬುಡಿ."

ಹೋದೆ. ಬೆಳಿಗ್ಗೆ ಹತ್ತಕ್ಕೇ ಅಂಗಡಿಯ ಬೆಂಚಿನ ತುಂಬ ಗಂಡಸರು. ಎಲ್ಲರ ಕೈಯಲ್ಲೂ ಮೊಬೈಲು.

"ಇವತ್ತು ಹೊಲದ ಕೆಲಸ ಇಲ್ವಾ?" ಎಂದೆ.

"ಸೋಮವಾರ ಯಾರ್ ಸಾ ಆರು ಕಟ್ಟಿ ಉಳ್ತಾರೆ? ಬಸವಣ್ಣನ ವಾರ. ಎತ್ತಿಗೆ ರಜಾ" ಎಂದ ಒಬ್ಬ.

ಪಕ್ಕದವನು ಅವನ ತೊಡೆ ತಟ್ಟಿದ. "ನಿಂಗೆ ಎತ್ತೆಲ್ಲಿ ಅವೆ ಕಣ್ಲಾ? ಇರೋದು ಟಿಲ್ಲರ್ರು."

"ಟಿಲ್ಲರ್ರಿಗೂ ರಜಾ ಬ್ಯಾಡ್ವೇನ್ಲಾ?"

ಅವನು ನಗುತ್ತ ಮತ್ತೆ ಮೊಬೈಲಿಗೆ ಬಗ್ಗಿದ. ಅವನ ಬೆರಳಿನಡಿ ನಾನೇ ಮಾಡಿದ ಸ್ಪ್ರೇಯರ್ ಜಾಹೀರಾತು ಸರಿದುಹೋಯಿತು. ಸೋಮವಾರ ಏರುವ ಖರ್ಚಿನಲ್ಲಿ ಇಷ್ಟು ದಿನ ನಾನು ಕಾಯಿಲೆ ಎಂದುಕೊಂಡಿದ್ದದ್ದು ರಜೆಯ ಈ ಬೆಂಚು.

ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಸೋಮವಾರವನ್ನು ಭಾನುವಾರದ ಜೊತೆ ಹೋಲಿಸುವುದನ್ನು ಬಿಟ್ಟು, ಹಿಂದಿನ ಎಂಟು ಸೋಮವಾರಗಳಲ್ಲಿ ಅದೇ ಹೊತ್ತಿಗೆ ಆಗಿದ್ದ ಖರ್ಚುಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯ ಜೊತೆ ಹೋಲಿಸಿದೆ. ಸರಾಸರಿ ಬೇಡ, ನನ್ನ ಸೊನ್ನೆಯ ಸೋಮವಾರ ಒಂದೇ ಅದನ್ನು ಉಬ್ಬಿಸಿ, ನಾಳೆಯ ತಪ್ಪನ್ನು ಮುಚ್ಚಿಬಿಡುತ್ತದೆ. ಒಂದು ಗಂಟೆಯ ಅಂಕಿ ನಂಬದೆ, ಸತತ ಎರಡು ತಪಾಸಣೆಯಲ್ಲೂ ಹೆಚ್ಚಿದ್ದರೆ ಮಾತ್ರ ಕೂಗು. ಆಮೇಲೆ ಮೂರು ತಿಂಗಳ ಹಳೆಯ ಖರ್ಚನ್ನು ಈ ಹೊಸ ನಿಯಮದ ಮೂಲಕ ಮತ್ತೆ ಹಾಯಿಸಿದೆ. ಮಾಮೂಲಿ ಸೋಮವಾರಗಳು ಸುಮ್ಮನಿದ್ದವು. ಸೊನ್ನೆಯ ಸೋಮವಾರ ಹತ್ತು ಗಂಟೆಗೆ ಕೂಗಿತು.

ಅಕ್ಕ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಒಂಬತ್ತಕ್ಕೇ ಗೊತ್ತಾಗಿತ್ತಲ್ಲ. ಇನ್ನೊಂದ್ ಗಂಟೆ ಯಾಕ್ ಕಾಯ್ತು?"

"ಕೆಲವು ಸಲ ಒಂದ್ ಗಂಟೆ ಏರಿ ಆಮೇಲೆ ತಾನಾಗೇ ಸಮ ಆಗುತ್ತೆ ಅಕ್ಕಾ. ಅದಕ್ಕೆಲ್ಲ ಕರೆದ್ರೆ ನೀವೇ ಬೈತೀರಿ."

"ಆ ಗಂಟೇಲಿ ಓಗೋದು ನನ್ ದುಡ್ಡು ತಾನೆ?"

"ಎಷ್ಟು ಹೋದ್ರೆ ಪರವಾಗಿಲ್ಲ?" ಎಂದು ಕೇಳಿದೆ. ಇದನ್ನು ಮೊದಲ ದಿನವೇ ಕೇಳಬೇಕಿತ್ತು.

ಅವರು ಗೋಡೆಗೆ ತೂಗುಹಾಕಿದ್ದ ಸ್ಪ್ರೇಯರುಗಳನ್ನು ನೋಡಿದರು. "ಒಂದ್ ಸ್ಪ್ರೇಯರ್‌ನಾಗೆ ನಂಗ್ ಉಳಿಯೋಷ್ಟು ಓದ್ರೆ ತಡ್ಕತೀನಿ, ಕರೀಬ್ಯಾಡಿ. ಎರಡರದ್ದು ಓಯ್ತು ಅಂದ್ರೆ ಮಾತ್ರ ಒಂದ್ ನಿಮ್ಷಾನೂ ಕಾಯ್ಬ್ಯಾಡಿ."

ಹಾಗೇ ಬರೆದೆ. ಮಾಮೂಲಿಗಿಂತ ಹೆಚ್ಚಾದದ್ದು ಒಂದು ಸ್ಪ್ರೇಯರಿನ ಲಾಭದೊಳಗಿದ್ದರೆ, ಶೇಕಡಾವಾರು ಎಷ್ಟೇ ಇರಲಿ, ಮೌನ. ದಾಟಿದರೆ ಎರಡು ತಪಾಸಣೆ. ಎರಡು ಸ್ಪ್ರೇಯರಿನ ಲಾಭ ದಾಟಿದರೆ ತಕ್ಷಣ. ಮತ್ತೆ ಹಾಯಿಸಿದಾಗ ಸೊನ್ನೆಯ ಸೋಮವಾರ ಒಂಬತ್ತಕ್ಕೇ ಕೂಗಿತು.

"ಇನ್ನೊಂದ್ ವಾರ ನೋಡುವ" ಎಂದರು ಅಕ್ಕ.

ಮುಂದಿನ ಸೋಮವಾರ ಸದ್ದು ಆರಿಸದೆ ಕೂತೆ. ಸಂಜೆ ನಾಲ್ಕಕ್ಕೆ ಅವರೇ ಕರೆದರು.

"ಏನ್ ಸಾ, ಬದ್ಕಿದ್ದೀರಾ? ಬೆಳಗಿಂದ ಫೋನೇ ಇಲ್ಲ."

"ಏನೂ ಆಗಿಲ್ಲ ಅಕ್ಕಾ. ಅದಕ್ಕೇ."

"ಇಲ್ಲಿ ಬೆಂಚ್ನಾಗೆ ಜಾಗ ಇಲ್ಲ. ಜಾಹೀರಾತು ನಡೀಲಿ ಬುಡಿ, ನಿಲ್ಸಬ್ಯಾಡಿ."

ಆ ದಿನ ಏನೂ ಆಗಲಿಲ್ಲ ಎಂದೇ ನನ್ನ ನೆನಪು. ಇದನ್ನು ಬರೆಯಲೆಂದು ದಾಖಲೆ ತೆರೆದರೆ ಒಂದು ಸಾಲಿದೆ: ಹನ್ನೊಂದಕ್ಕೆ ಒಂದು ಸ್ಪ್ರೇಯರಿನ ಮಿತಿ ದಾಟಿದೆ, ಹನ್ನೆರಡಕ್ಕೆ ಮಿತಿಯೊಳಗೆ ಬಂದಿದೆ, ಎಚ್ಚರಿಕೆ ಕಳಿಸಿಲ್ಲ. ಆ ಒಂದು ಗಂಟೆ ಬೆಂಚಿನವರು ಏನು ನೋಡುತ್ತಿದ್ದರೋ, ಈ ಸೋಮವಾರ ಹೋಗಿ ಕೇಳಬೇಕು.