‘ನೋಡ್ಕೋತೀವಿ’ ಎಂಬ ಷರತ್ತು

ಜರ್ಮನಿಯ ಗಾರ್ಕಿಂಗ್‌ನಲ್ಲಿ, ವಿಶ್ವವಿದ್ಯಾಲಯದ ಪಕ್ಕದ ನಮ್ಮ ದೋಸೆ ಅಂಗಡಿಗೆ ಬೆಳಿಗ್ಗೆ ಯು-ಬಾನ್ ರೈಲಿನಲ್ಲಿ ಹೋಗುವಾಗ ನನಗೆ ಅರೆನಿದ್ದೆ. ಆ ಅರೆನಿದ್ದೆಯಲ್ಲೇ ನಾನು ಊರೂರಿಗೂ ಅಂಗಡಿ ತೆರೆಯುತ್ತಿದ್ದೆ. ರೇಗನ್ಸ್‌ಬರ್ಗ್‌ನಲ್ಲಿ ನದಿಯ ಹತ್ತಿರ ಒಂದು, ಹೆಸರೇ ಗೊತ್ತಿಲ್ಲದ ಊರುಗಳಲ್ಲಿ ಇನ್ನೆಷ್ಟೋ. ಎಲ್ಲ ಕಡೆಯೂ ಅದೇ ಬೋರ್ಡು, ಅದೇ ಚಟ್ನಿ, ಕಿಟಕಿಯಾಚೆ ಮಂಜು. ಆ ಅಂಗಡಿಗಳಲ್ಲಿ ಹಿಟ್ಟು ಕೆಡುತ್ತಿರಲಿಲ್ಲ, ಯಾರೂ ನನಗೆ ಫೋನ್ ಮಾಡುತ್ತಿರಲಿಲ್ಲ.

ಈ ಕನಸನ್ನು ಮೊದಲು ನಂಬಿದವಳು ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳು. ಹರ್ಟ್ಸೋಗೆನಾವ್‌ರಾಕ್ ಎಂಬ ಊರಿನಲ್ಲಿ ಎಂಜಿನಿಯರ್; ಗಂಡನಿಂದ ಬೇರೆಯಾಗಿ ಮಗಳನ್ನು ಒಬ್ಬಳೇ ಬೆಳೆಸುತ್ತಿದ್ದಳು. ಕೆಲಸ ಬಿಟ್ಟು, ಉಳಿತಾಯವನ್ನೆಲ್ಲ ಹಾಕಿ, ನಮ್ಮ ಹೆಸರಿನಲ್ಲಿ ಫ್ರಾಂಚೈಸಿ ಅಂಗಡಿ ಇಡುತ್ತೇನೆಂದಳು. ನನ್ನ ಹೆಂಡತಿ ಒಪ್ಪಂದದ ಕರಡು ಬರೆಯಲು ಕೂತಳು. ನಾನು ಕನಸಿನಲ್ಲೇ ತೇಲುತ್ತ ಷರತ್ತುಗಳನ್ನು ಹೇಳುತ್ತಿದ್ದೆ.

ನನ್ನ ಯೋಜನೆ ಸರಳ: ಸೇರುವಾಗ ದೊಡ್ಡ ಪ್ರವೇಶ ಶುಲ್ಕ, ಆಮೇಲೆ ತಿಂಗಳ ವಹಿವಾಟಿನಲ್ಲಿ ಚಿಕ್ಕ ಪಾಲು. ನಮ್ಮ ಜವಾಬ್ದಾರಿಗಳ ಪುಟದಲ್ಲಿ ಒಂದೇ ಸಾಲು: ‘ಬೇಕಾದಾಗ ನೋಡ್ಕೋತೀವಿ.’ ಮೈಸೂರಿನ ನನಗೆ ಇದಕ್ಕಿಂತ ದೊಡ್ಡ ಮಾತಿರಲಿಲ್ಲ. ಅವಳಿಗೂ ಹೆಮ್ಮೆಯಿಂದ ಓದಿ ಹೇಳಿದ್ದೆ.

ನಾವು ಕರಡು ತೋರಿಸಲು ಹೋದ ವಕೀಲೆ ಅದರ ಜರ್ಮನ್ ಅನುವಾದ ಓದಿ ಕನ್ನಡಕ ತೆಗೆದರು. ಯಾರಿಗೆ ಬೇಕಾದಾಗ, ನೋಡಿಕೊಳ್ಳುವುದೆಂದರೆ ಏನು, ಎಂದು ಕೇಳಿದರು. ಹಲವರಿಗೆ ಕೊಡಲೆಂದು ಸಿದ್ಧಮಾಡಿಟ್ಟ ಒಪ್ಪಂದದಲ್ಲಿ ಮಾತು ಎರಡರ್ಥವಾದರೆ ಇಲ್ಲಿನ ಕೋರ್ಟು ಅದನ್ನು ಬರೆದವರ ವಿರುದ್ಧವೇ ಓದುತ್ತದಂತೆ. ಶುಲ್ಕವೂ ತಿರುಗುಮುರುಗಾಗಿದೆ ಎಂದರು. ಬಾಗಿಲಲ್ಲೇ ಹೊಟ್ಟೆ ತುಂಬಿಸಿಕೊಂಡ ನನಗೆ ಆಮೇಲೆ ಅವಳ ಅಂಗಡಿ ನಡೆದರೇನು, ಬಿಟ್ಟರೇನು? ಪ್ರವೇಶ ಶುಲ್ಕ ತರಬೇತಿಯ ಮತ್ತು ಪ್ರಾರಂಭದ ಖರ್ಚಿಗಷ್ಟೇ ಇರಲಿ, ನಮ್ಮ ಆದಾಯ ಅವಳ ವ್ಯಾಪಾರದಿಂದ ಬರಲಿ. ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳಿಲ್ಲದೆ ನಾವು ನೊಣ ಹೊಡೆಯುವ ತಿಂಗಳ ಲೆಕ್ಕವನ್ನೂ ಸಹಿಗೆ ಮೊದಲೇ ಅವಳಿಗೆ ತೋರಿಸಬೇಕು ಎಂದರು. ನನಗೆ ಸಿಟ್ಟು ಬಂತು. ಶುಲ್ಕ ಸರಿಮಾಡಿದೆ, ‘ನೋಡ್ಕೋತೀವಿ’ ಸಾಲನ್ನು ಮಾತ್ರ ಬಿಡಿಸಿ ಬರೆಯದೆ ಹೊಡೆದುಹಾಕಿದೆ.

ಹೊಸ ಕರಡು ಕೈಸೇರಿದ ಮೇಲೆ ಅವಳು ಅಂಗಡಿಗೇ ಬಂದಳು.

“ಅಣ್ಣಾರ, ನೋಡ್ಕೋತೀವಿ ಅಂದಿದ್ರಲ್ರೀ. ಅದು ಎಲ್ಲಿ ಹೋತ್ರೀ?”

ನನಗೆ ನಾಚಿಕೆಯಾಯಿತು. ನಿಜವಾಗಿ ಏನು ಮಾಡಬಲ್ಲೆವೋ ಅದನ್ನಷ್ಟೇ ಬರೆಯೋಣ ಎಂದು ಹೆಂಡತಿ ನನ್ನನ್ನು ಕೂರಿಸಿದಳು. ಬರೆದೆವು: ಮೂರು ವಾರ ನಮ್ಮ ಅಡುಗೆಮನೆಯಲ್ಲಿ ತರಬೇತಿ. ಅಂಗಡಿ ತೆರೆದ ಮೇಲೆ ಎರಡು ವಾರ ನಮ್ಮಲ್ಲೊಬ್ಬರು ಅವಳ ಕಾವಲಿಯ ಪಕ್ಕ. ಚಳಿಗಾಲದ ಹಿಟ್ಟಿಗೆ ಬೇರೆ, ಬೇಸಿಗೆಯ ಹಿಟ್ಟಿಗೆ ಬೇರೆ ಅಳತೆ ಇರುವ ಕೈಪಿಡಿ. ತಿಂಗಳಿಗೊಂದು ಭೇಟಿ, ನಾವು ತಪ್ಪಿಸಿದರೆ ಆ ತಿಂಗಳ ಪಾಲು ಕೇಳುವಂತಿಲ್ಲ. ಬರೆಯುತ್ತ ಹೋದಂತೆ ನನ್ನ ಊರೂರ ಅಂಗಡಿಗಳು ಒಂದೊಂದಾಗಿ ಕರಗಿದವು. ಇಷ್ಟೆಲ್ಲ ಮಾಡಲು ನಮ್ಮಿಬ್ಬರಿಗೆ ಆಗುವುದು ಒಂದು ಅಂಗಡಿಗೆ, ಹೆಚ್ಚೆಂದರೆ ಎರಡಕ್ಕೆ.

ಅವಳು ಪ್ರತಿ ಸಾಲಿಗೂ ಬೆರಳಿಟ್ಟು ಓದಿದಳು. ನಾನು ಸುಮ್ಮನಿರಲಾರದೆ, ಕೊನೆಗೆ ಆ ಹಳೆಯ ಮಾತನ್ನೂ ಸೇರಿಸಲೇ ಎಂದೆ. ಬೇಡವೆಂದು ತಲೆಯಾಡಿಸಿದಳು.

“ನನ್ನ ಮದವ್ಯಾಗ ಗಂಡನ ಮನಿಯವ್ರೂ ನೋಡ್ಕೋತೀವಿ ಅಂದಿದ್ರು ರೀ. ಹಿಂಗ ಯಾರೂ ಬರದು ಕೊಟ್ಟಿರಲಿಲ್ಲ.”

ಆಮೇಲೆ ಪೆನ್ನು ಕೇಳಿದಳು.