ಒಂದು ಮೂಲೆಯ ಭಾರ

ಮಲಪ್ರಭೆ ಸೇತುವೆ ಮುಳುಗಿದ ಮರುದಿನ ರಾಮದುರ್ಗದಿಂದ ಆಚೆ ದಂಡೆಯ ಹಳ್ಳಿಯ ಅಜ್ಜಿಯೊಬ್ಬರಿಗೆ ಇನ್ಸುಲಿನ್ ಒಯ್ಯುವ ಡ್ರೋನ್ ಹಾರಿಸಿದವನು ನಾನೇ. ಭಾರ ಸರಿಯಾಗಿ ನಡುವೆ ಬರುವಂತೆ ಪೆಟ್ಟಿಗೆ ಜೋಡಿಸಿದ್ದೆ. ನಾನು ಬ್ಯಾಟರಿ ತರಲು ಹೋದಾಗ, ಆಸ್ಪತ್ರೆಯಲ್ಲಿ ಔಷಧ ಕೊಡುವ ಅಕ್ಕ, ಇನ್ಸುಲಿನ್ ಕೆಡಬಾರದೆಂದು, ಪೆಟ್ಟಿಗೆಯ ಒಂದು ಮೂಲೆಗೆ ಇನ್ನೆರಡು ಐಸ್ ಪ್ಯಾಕ್ ತುರುಕಿದ್ದರು. ಏರುವಾಗ ಡ್ರೋನ್ ಅತ್ತ ವಾಲಿತು, ಆ ಬದಿಯ ಮೋಟರುಗಳು ಜೋರಾಗಿ ತಿರುಗಿ ತಾನೇ ನೆಟ್ಟಗಾಯಿತು. ಗಾಳಿ ಇರಬೇಕೆಂದು ಸುಮ್ಮನಾದೆ. ಮೂರ್ಖ ನಾನು.

ಹಳ್ಳಿಯ ಶಾಲೆಯ ಅಂಗಳದ ಮೇಲೆ ಡ್ರೋನ್ ನಿಲ್ಲಿಸಿ ಪೆಟ್ಟಿಗೆ ಕಳಚುವ ಗುಂಡಿ ಒತ್ತಿದೆ. ಪೆಟ್ಟಿಗೆ ಬೀಳಲಿಲ್ಲ. ಒಂದೇ ಮೂಲೆ ಜಗ್ಗುತ್ತಿದ್ದರಿಂದ ಪೆಟ್ಟಿಗೆಯ ಕೊಂಡಿ ತಿರುಚಿಕೊಂಡು, ತನ್ನೊಳಗೆ ತೂರಿಸಿದ ಪಿನ್ನನ್ನು ಕಚ್ಚಿ ಹಿಡಿದಿತ್ತು. ಅದನ್ನು ಎಳೆಯುವ ಪುಟ್ಟ ಮೋಟರಿಗೆ ಅಷ್ಟು ಕಸುವಿರಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಅಂಗಳದ ಸುತ್ತ ಜನ ಒತ್ತಿ ನಿಂತಿದ್ದರು, ತಿರುಗುವ ರೆಕ್ಕೆ ತಾಗೀತೆಂದು ಡ್ರೋನನ್ನೇ ಇಳಿಸುವಂತಿರಲಿಲ್ಲ.

“ತಲಿ ಮ್ಯಾಲೇ ಐತ್ರಿ ಸರ, ಬಿಡ್ರಿ. ಅಜ್ಜಿಗೆ ನಿನ್ನೆಯಿಂದ ಸೂಜಿ ಇಲ್ರಿ,” ಅಂದರು ಫೋನಿನಲ್ಲಿ ಅಲ್ಲಿಯ ಆಶಾ ಕಾರ್ಯಕರ್ತೆ.

ಬ್ಯಾಟರಿ ಮರಳುವಷ್ಟೇ ಉಳಿದಿತ್ತು. ವಾಪಸ್ ಕರೆಸಿದೆ. ಅದು ರಾಮದುರ್ಗಕ್ಕೆ ಮರಳಿದ ಮೇಲೆ, ಐಸ್ ಪ್ಯಾಕ್ ಇದ್ದ ಮೂಲೆಗೆ ಅಂಗೈ ಕೊಟ್ಟು ಪೆಟ್ಟಿಗೆಯ ತಳ ಎತ್ತಿ ಹಿಡಿದು ಗುಂಡಿ ಒತ್ತಿದರೆ ಟಕ್ಕನೆ ಕಳಚಿತು.

ಫೋನ್ ಇನ್ನೂ ಚಾಲೂ ಇತ್ತು. “ಬಿಟ್ಟಿತೇನ್ರಿ ಸರ?”

“ಬಿಟ್ಟಿತ್ರಿ,” ಅಂದೆ. “ನನ್ನ ಕೈಯಾಗ.”